ಒಬ್ಬರೇ ಇದ್ದಾಗ ಎದೆ ನೋವು ಬಂದರೆ

ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಬೆಳಗಾಗುವುದೇ ಹಿರಿಯರಿಂದ. ಮೊದಲು ಶುಭೋದಯದ ಗುಲಾಬಿ ಬರುತ್ತದೆ, ಆಮೇಲೆ ಪಂಚಾಂಗದ ತಿಥಿ ನಕ್ಷತ್ರ, ಅದರ ಬೆನ್ನಿಗೇ ಒಂದು ಆರೋಗ್ಯದ ಸಲಹೆ. ಹೊಕ್ಕುಳಿಗೆ ಎಣ್ಣೆ ಹಾಕಿ, ಬೆಂಡೆಕಾಯಿ ನೆನೆಸಿದ ನೀರು ಕುಡಿಯಿರಿ, ಊಟದ ಮೇಲೆ ತಣ್ಣೀರು ಮುಟ್ಟಬೇಡಿ. ಕಿರಿಯರು ಬೇಸರಪಟ್ಟು ಗುಂಪಿನ ಸದ್ದು ಅಡಗಿಸಿ ಸುಮ್ಮನಾಗುತ್ತಾರೆ. ಹೀಗೆ ಬರುವ ಸಲಹೆಗಳಲ್ಲಿ ಹೆಚ್ಚಿನವುಗಳಿಂದ ದೊಡ್ಡ ಕೆಡುಕೇನೂ ಇಲ್ಲದ್ದರಿಂದ ಸುಮ್ಮನಿರುವುದೂ ಒಂದು ಮಟ್ಟಿಗೆ ಸರಿಯೇ. ಜೀರಿಗೆ ನೀರು ಕುಡಿದ ದೊಡ್ಡಮ್ಮನನ್ನು ತಡೆದು ಯಾರಿಗೂ ಆಗಬೇಕಾದ್ದಿಲ್ಲ. ಆದರೆ ಇವುಗಳ ನಡುವೆ ಆಗಾಗ ತಲೆ ಎತ್ತುವ ಒಂದು ಸಂದೇಶವಿದೆ. ಅದನ್ನು ಕಂಡೂ ಸುಮ್ಮನಿರಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ಹಿರಿಯರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬ ಪ್ರಶ್ನೆಯನ್ನು ಆ ಒಂದು ಸಂದೇಶವನ್ನೇ ಎದುರಿಗಿಟ್ಟುಕೊಂಡು ಯೋಚಿಸಿದರೆ ಹೆಚ್ಚು ಸ್ಪಷ್ಟವಾಗುತ್ತದೆ.

ಸಂದೇಶ ಬಹಳ ಜನರಿಗೆ ಪರಿಚಿತ. ಸಂಜೆಯ ಹೊತ್ತು, ನೀವು ಒಬ್ಬರೇ ಕಾರು ಓಡಿಸಿಕೊಂಡು ಮನೆಗೆ ಹೊರಟಿದ್ದೀರಿ. ಇದ್ದಕ್ಕಿದ್ದಂತೆ ಎದೆಯಲ್ಲಿ ನೋವು, ಅದು ತೋಳಿಗೂ ದವಡೆಗೂ ಹರಿಯುತ್ತದೆ. ಆಸ್ಪತ್ರೆ ದೂರದಲ್ಲಿದೆ. ಪ್ರಜ್ಞೆ ತಪ್ಪಲು ನಿಮಗಿರುವುದು ಹತ್ತೇ ಸೆಕೆಂಡು. ಹೆದರಬೇಡಿ, ದೀರ್ಘವಾಗಿ ಉಸಿರೆಳೆದು ಜೋರಾಗಿ ಕೆಮ್ಮಿ, ಎರಡು ಸೆಕೆಂಡಿಗೊಮ್ಮೆ ಕೆಮ್ಮುತ್ತಲೇ ಇರಿ, ಹೃದಯ ಮತ್ತೆ ಸರಿಯಾಗಿ ಬಡಿಯುತ್ತದೆ. ಕೊನೆಗೆ, ಇದನ್ನು ಹತ್ತು ಜನರಿಗೆ ಕಳಿಸಿದರೆ ಒಂದು ಜೀವವಾದರೂ ಉಳಿಯುತ್ತದೆಂದು ಹೃದ್ರೋಗ ತಜ್ಞರೊಬ್ಬರು ಹೇಳಿದ್ದಾರೆ ಎಂಬ ಮಾತು. ಆ ತಜ್ಞರ ಹೆಸರಿರುವುದಿಲ್ಲ. ಈ ಬರಹ ವಾಟ್ಸ್ಯಾಪಿಗಿಂತ ಹಳೆಯದು. 1999ರ ಹೊತ್ತಿಗೆ ಅಮೆರಿಕದಲ್ಲಿ ಇಮೇಲ್ ಮೂಲಕ ಹರಡಿತು. ಅದರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಜನರಲ್ ಆಸ್ಪತ್ರೆಯ ಹೆಸರೂ, ಹೃದ್ರೋಗಿಗಳ ಸಂಘವಾದ ಮೆಂಡೆಡ್ ಹಾರ್ಟ್ಸ್‌ನ ಹೆಸರೂ ಇದ್ದವು. ಇದು ತಮ್ಮ ಸಲಹೆಯಲ್ಲವೆಂದು ಇಬ್ಬರೂ ಹೇಳಿದರು. ಜನಸಾಮಾನ್ಯರಿಗೆ ಇದನ್ನು ಕಲಿಸುವುದು ತನಗೆ ಒಪ್ಪಿಗೆಯಿಲ್ಲ ಎಂದು ಅಮೆರಿಕದ ಹೃದ್ರೋಗ ಸಂಸ್ಥೆಯಾದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಹೇಳಿದೆ. ಅಷ್ಟಾದರೂ ಬರಹ ನಿಲ್ಲಲಿಲ್ಲ. ಮೈಲಿ ಹೋಗಿ ಕಿಲೋಮೀಟರ್ ಬಂತು, ಇಂಗ್ಲಿಷ್ ಹೋಗಿ ಕನ್ನಡ ಬಂತು, ಸಮುದ್ರ ದಾಟಿ ನಮ್ಮ ಅತ್ತೆ ಮಾವಂದಿರ ಫೋನಿಗೆ ತಲುಪಿತು.

ಇದನ್ನು ಕಳಿಸಿದವರಿಗೆ 'ಇದು ಶುದ್ಧ ಸುಳ್ಳು' ಎಂದು ಉತ್ತರಿಸುವವರು ಇದ್ದಾರೆ. ಆ ಉತ್ತರವೂ ಪೂರ್ತಿ ನಿಜವಲ್ಲ, ಮೊದಲ ತೊಡಕು ಅಲ್ಲೇ ಇದೆ. ಕೆಮ್ಮಿನ ಸಂಗತಿಗೆ ವೈದ್ಯಕೀಯದಲ್ಲಿ ಒಂದು ಮೂಲವಿದೆ. ಹೃದಯದ ರಕ್ತನಾಳಕ್ಕೆ ಸಣ್ಣ ಕೊಳವೆ ತೂರಿಸಿ ಆಂಜಿಯೋಗ್ರಾಂ ಮಾಡುವಾಗ ಕೆಲವೊಮ್ಮೆ ಹೃದಯದ ಲಯ ಹಠಾತ್ತನೆ ಕೆಡುತ್ತದೆ. ರೋಗಿ ಮೇಜಿನ ಮೇಲೆ ಎಚ್ಚರವಾಗಿಯೇ ಇರುತ್ತಾರೆ. ಲಯ ತಪ್ಪಿದ್ದು ಮಾನಿಟರಿನಲ್ಲಿ ಆ ಕ್ಷಣವೇ ಕಾಣುತ್ತದೆ. ಆಗ ವೈದ್ಯರು ಜೋರಾಗಿ ಕೆಮ್ಮಲು ಹೇಳುವುದುಂಟು. ಕೆಮ್ಮಿದಾಗ ಎದೆಯೊಳಗಿನ ಒತ್ತಡ ಏರಿ ಒಂದಿಷ್ಟು ರಕ್ತ ಮಿದುಳಿನತ್ತ ಸರಿಯುತ್ತದೆ. 1976ರಲ್ಲಿ ಕ್ರೈಲಿ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಇಂಥ ಮೂವರು ರೋಗಿಗಳ ಬಗ್ಗೆ ಬರೆದರು. ಒಂದರಿಂದ ಮೂರು ಸೆಕೆಂಡಿಗೊಮ್ಮೆ ಕೆಮ್ಮುತ್ತ ಅವರು 24ರಿಂದ 39 ಸೆಕೆಂಡುಗಳವರೆಗೆ ಪ್ರಜ್ಞೆ ಉಳಿಸಿಕೊಂಡಿದ್ದರು. ಅಷ್ಟರಲ್ಲಿ ಪಕ್ಕದಲ್ಲೇ ಸಿದ್ಧವಿದ್ದ ಯಂತ್ರದಿಂದ ಶಾಕ್ ಕೊಟ್ಟು ಲಯವನ್ನು ಸರಿಪಡಿಸಬಹುದು. ಕೆಮ್ಮು ಗಳಿಸಿಕೊಟ್ಟದ್ದು ಆ ಅರ್ಧ ನಿಮಿಷವನ್ನು. ಸಂದೇಶ ಬರೆದವರು ಯಾರೋ, ಈ ಅರ್ಧ ನಿಮಿಷವನ್ನು ವೈದ್ಯರೂ ಮಾನಿಟರೂ ಶಾಕ್ ಯಂತ್ರವೂ ಇರುವ ಕೋಣೆಯಿಂದ ಎತ್ತಿ ತಂದು, ಯಾರೂ ಇಲ್ಲದ ಕಾರಿನೊಳಗೆ ಇಟ್ಟುಬಿಟ್ಟರು.

ಅದಕ್ಕಿಂತ ದೊಡ್ಡ ತಪ್ಪು ಎರಡು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಎಂದುಕೊಂಡದ್ದು. ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಳ್ಳುತ್ತದೆ. ಹೃದಯ ಆಗಲೂ ಬಡಿಯುತ್ತಲೇ ಇರುತ್ತದೆ. ಮನುಷ್ಯ ಎಚ್ಚರವಾಗಿರುತ್ತಾನೆ, ಮಾತಾಡುತ್ತಾನೆ, ಎಷ್ಟೋ ಸಲ ನಡೆದುಕೊಂಡೇ ಆಸ್ಪತ್ರೆಗೆ ಬರುತ್ತಾನೆ. ಇನ್ನೊಂದು ಹೃದಯ ಸ್ತಂಭನ. ಅದರಲ್ಲಿ ಹೃದಯ ರಕ್ತ ದೂಡುವುದನ್ನೇ ನಿಲ್ಲಿಸುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಹತ್ತು ಸೆಕೆಂಡಿನ ಲೆಕ್ಕ ಸೇರಬೇಕಾದ್ದು ಈ ಎರಡನೆಯದಕ್ಕೆ. ಆಗ ಕೆಮ್ಮಬೇಕೆಂದು ನೆನಪಾಗುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ; ಅವನಿಗೆ ಬೇಕಾದ್ದು ಎದೆಯ ನಡುಭಾಗವನ್ನು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಬಲವಾಗಿ ಒತ್ತುವ ಇನ್ನೊಬ್ಬರ ಕೈ. ತೋಳಿಗೂ ದವಡೆಗೂ ಹರಿಯುವ ನೋವು ಮೊದಲನೆಯದರ ಲಕ್ಷಣ. ಮುಚ್ಚಿಕೊಂಡ ನಾಳವನ್ನು ಯಾವ ಕೆಮ್ಮೂ ತೆರೆಯಲಾರದು. ಸಂದೇಶ ಒಂದರ ಲಕ್ಷಣವನ್ನು ಇನ್ನೊಂದರ ಗಡುವಿಗೆ ಕಟ್ಟಿ, ಎರಡಕ್ಕೂ ಹೊಂದದ ಮದ್ದನ್ನು ಹೇಳುತ್ತದೆ.

'ಆಗಲಿ, ಕೆಮ್ಮಿದರೆ ಕಳೆದುಕೊಳ್ಳುವುದೇನು?' ಎಂದು ಚಿಕ್ಕಪ್ಪನೊಬ್ಬ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕಳೆದುಕೊಳ್ಳುವುದು ಸಮಯವನ್ನು. ನಾಳ ಮುಚ್ಚಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಆ ಭಾಗದ ಸ್ನಾಯು ಸಾಯತೊಡಗುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಸಾವು ಒಳಗಿನಿಂದ ಹೊರಕ್ಕೆ ಹಬ್ಬುತ್ತ ಹೋಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಹನ್ನೆರಡು ಗಂಟೆಗಳ ಒಳಗೆ ಕೊಡುತ್ತಾರಾದರೂ ಅದರ ನಿಜವಾದ ಫಲ ಮೊದಲ ಎರಡು ಮೂರು ಗಂಟೆಗಳಲ್ಲಿ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಇಂದು ಬದುಕಿಕೊಂಡವರು ಆರು ತಿಂಗಳ ಮೇಲೆ ಮೆಟ್ಟಿಲು ಹತ್ತಬಲ್ಲರೇ ಇಲ್ಲವೇ ಎಂಬುದು ಆ ಹೊತ್ತಿನಲ್ಲಿ ಎಷ್ಟು ಸ್ನಾಯು ಉಳಿಯಿತು ಎಂಬುದನ್ನು ಅವಲಂಬಿಸಿದೆ. ಒಂದು ಸಲಹೆಯಿಂದ ಅಪಾಯವಿದೆಯೇ ಎಂದು ನೋಡಲು ಅದರಲ್ಲಿರುವ ವಸ್ತು ವಿಷವೇ ಎಂದು ಕೇಳಿದರೆ ಸಾಲದು. ಅದನ್ನು ನಂಬಿದವರು ಮುಂದಿನ ಅರ್ಧ ಗಂಟೆ ಏನು ಮಾಡುತ್ತಾರೆ, ಏನು ಮಾಡದೆ ಬಿಡುತ್ತಾರೆ ಎಂದು ಕೇಳಬೇಕು. ಹೊಕ್ಕುಳಿಗೆ ಎಣ್ಣೆ ಹಾಕಿದವರು ಯಾವುದನ್ನೂ ಬಿಡುವುದಿಲ್ಲ. ಕೆಮ್ಮುತ್ತ ಕಾರು ಓಡಿಸುವವರು ಕಾರು ನಿಲ್ಲಿಸುವುದನ್ನೂ ಫೋನ್ ಮಾಡುವುದನ್ನೂ ಬಿಟ್ಟಿರುತ್ತಾರೆ. ಗುಂಪಿಗೆ ಬರುವ ಸಲಹೆಗಳಲ್ಲಿ ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಬಿಡಬಹುದು ಎಂದು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ತಿಳಿದಿಲ್ಲ.

ಹಿರಿಯರ ತಿಳಿವನ್ನೇ ತಳ್ಳಿಹಾಕಿದಂತಾಯಿತಲ್ಲ ಎಂಬ ಆಕ್ಷೇಪವನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮನೆಮದ್ದಿನ ಪರಂಪರೆ ದೊಡ್ಡದು, ಅದನ್ನು ಕಾಪಾಡಿದವರು ಮನೆಯ ಹೆಂಗಸರು. ಆದರೆ ಅಜ್ಜಿಯ ಕಷಾಯಕ್ಕೂ ಫೋನಿನ ಸಲಹೆಗೂ ನಡುವೆ ಇರುವ ಅಂತರವನ್ನು ನೋಡಬೇಕು. ಕಷಾಯ ಕೊಡುವ ಅಜ್ಜಿ ಮೊಮ್ಮಗುವಿನ ಹಣೆ ಮುಟ್ಟಿ ನೋಡಿರುತ್ತಾಳೆ, ನಾಲಿಗೆ ಚಾಚಿಸಿರುತ್ತಾಳೆ, ಮಗುವಿಗೆ ಎಷ್ಟು ತಿಂಗಳೆಂದು ತಿಳಿದಿರುತ್ತಾಳೆ. ಮೆಣಸು ಎಷ್ಟು ಕಾಳು ಹಾಕಬೇಕೆಂದು ಆ ಮಗುವನ್ನು ನೋಡಿಯೇ ಲೆಕ್ಕ ಹಾಕುತ್ತಾಳೆ. ಸಂಜೆಗೆ ಮತ್ತೆ ಬಂದು ಹೇಗಿದೆ ಎಂದು ಕೇಳುತ್ತಾಳೆ, ಇಳಿಯದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಅವಳೇ ಹೇಳುತ್ತಾಳೆ. ಅವಳ ಮಾತಿಗೆ ಅವಳೇ ಹೊಣೆ. ಫೋನಿನಲ್ಲಿ ಬಂದ ಸಲಹೆಗೆ ಕೊಟ್ಟವರು ಯಾರೆಂದಿಲ್ಲ, ತೆಗೆದುಕೊಳ್ಳುವವರು ಯಾರೆಂದು ಅದಕ್ಕೆ ಗೊತ್ತಿಲ್ಲ, ಮರುದಿನ ಬಂದು ವಿಚಾರಿಸುವವರಿಲ್ಲ. ರೋಚೆಸ್ಟರಿನ ಹೆಸರು ಹೊತ್ತು ಬಂದ ಕೆಮ್ಮಿನ ಸಲಹೆಯಲ್ಲಿ ನಮ್ಮ ಅಜ್ಜಿಯಂದಿರ ಅನುಭವದ ಎಳೆಯೊಂದೂ ಇಲ್ಲ. ಹೀಗಾಗಿ ಹಿರಿಯರೊಡನೆ ಮಾತಾಡುವಾಗ ಅವರ ತಿಳಿವಿನ ಪರವಾಗಿ ನಿಂತೇ ಮಾತಾಡಬಹುದು. ನೀವು ಯಾರಿಗಾದರೂ ಮದ್ದು ಹೇಳುವಾಗ ಎಷ್ಟೆಲ್ಲ ನೋಡಿ ಹೇಳುತ್ತೀರಿ, ಇದನ್ನು ಬರೆದವನು ಏನನ್ನು ನೋಡಿದ್ದಾನೆ ಎಂದು ಕೇಳಿದರೆ ಅವರಿಗೆ ಥಟ್ಟನೆ ಅರ್ಥವಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ವಿವರಿಸಿದ ಮೇಲೂ ಸಂದೇಶ ಆರು ತಿಂಗಳಿಗೆ ಮತ್ತೆ ಅದೇ ಕೈಯಿಂದ ಬರಬಹುದು. ಅದಕ್ಕೆ ಕಾರಣ ಹಿರಿಯರ ಹಟವೆಂದು ನನಗನಿಸುವುದಿಲ್ಲ. ಸಂದೇಶದ ಮೊದಲ ಸಾಲನ್ನು ಇನ್ನೊಮ್ಮೆ ಓದಿ: ನೀವು ಒಬ್ಬರೇ ಇದ್ದೀರಿ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಎರಡು ಅಂತಸ್ತಿನ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರೋ ಇಬ್ಬರೋ ಇದ್ದಾರೆ, ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ರಾತ್ರಿ ಎದೆ ಹಿಡಿದುಕೊಂಡರೆ ಏನು ಗತಿ ಎಂಬ ಯೋಚನೆ ಅವರಿಗೆ ಬಾರದೆ ಇರುತ್ತದೆಯೇ? ಅದನ್ನು ಮಕ್ಕಳ ಮುಂದೆ ಬಾಯಿಬಿಟ್ಟು ಹೇಳಿದರೆ ಅವರಿಗೆ ಚಿಂತೆ, ಹೇಳದಿದ್ದರೆ ತಮಗೆ ಚಿಂತೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದರು. 2025ರ ಬೇಸಿಗೆ ಕಳೆದ ಮೇಲೆ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೈಸೂರಿನ ಜಯದೇವದಲ್ಲೂ ಅದೇ ಆಯಿತು. ಸಾವಿನ ಪ್ರಮಾಣ ಅಸಹಜವಾಗಿ ಏರಿಲ್ಲವೆಂದು ತಜ್ಞರ ಸಮಿತಿ ಹೇಳುವ ಹೊತ್ತಿಗೆ ಭಯ ಮನೆ ಮನೆ ಸೇರಿಯಾಗಿತ್ತು. ಅಂಥ ಭಯದ ನಡುವೆ, ಒಬ್ಬರೇ ಇದ್ದರೂ ನಿಮ್ಮ ಕೈಯಲ್ಲೇ ಒಂದು ಉಪಾಯವಿದೆ ಎನ್ನುವ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸದೆ ಇರುವುದು ಕಷ್ಟ. ದೊಡ್ಡಪ್ಪ ಅದನ್ನು ಗುಂಪಿಗೆ ಹಾಕಿದಾಗ ನಮಗೆ ಕಾಣುವುದು ಒಂದು ಉಪದೇಶ. ಅದರೊಳಗೆ ಅವರು ಕೇಳಲಾರದ ಒಂದು ಪ್ರಶ್ನೆಯೂ ಇದೆ. ಉಪಾಯವನ್ನು ಕಿತ್ತುಕೊಂಡು ಪ್ರಶ್ನೆಗೆ ಉತ್ತರ ಕೊಡದೆ ಹೋದರೆ, ಆ ಜಾಗ ತುಂಬಲು ಅವರು ಮತ್ತೆ ಅದೇ ಉಪಾಯವನ್ನು ಹುಡುಕಿಕೊಳ್ಳುತ್ತಾರೆ.

ಆದ್ದರಿಂದ ಹಿರಿಯರನ್ನು ತಡೆಯುವ ಕೆಲಸ ಗುಂಪಿನಲ್ಲಿ ಆಗುವಂಥದ್ದಲ್ಲ. ಅಳಿಯಂದಿರು, ಸೊಸೆಯಂದಿರು, ಬೀಗರು ಇರುವ ಕಡೆ ನಲವತ್ತು ಜನರ ಮುಂದೆ 'ದೊಡ್ಡಪ್ಪ, ಇದು ಫೇಕ್' ಎಂದು ಬರೆದರೆ ಸಂದೇಶದ ವಿಚಾರ ಅಲ್ಲಿಗೇ ಮುಗಿದು ಮರ್ಯಾದೆಯ ವಿಚಾರ ಶುರುವಾಗುತ್ತದೆ. ಅಡ್ಮಿನ್ ಆದ ತಮ್ಮನ ಮಗನಿಗೆ ಯಾರ ಸಂದೇಶವನ್ನಾದರೂ ಅಳಿಸುವ ಅಧಿಕಾರವಿದೆ. ಅದನ್ನು ದೊಡ್ಡಪ್ಪನ ಮೇಲೆ ಬಳಸಬಾರದು. ಫೋನ್ ಮಾಡಬೇಕು. ಮೊದಲ ಮಾತು ಸಂದೇಶದ ಬಗ್ಗೆ ಇರದೆ ಅವರ ಬಗ್ಗೆ ಇರಬೇಕು: 'ದೊಡ್ಡಪ್ಪ, ಹೃದಯದ ಮೆಸೇಜು ಹಾಕಿದ್ರಲ್ಲ, ನೋಡಿದೆ. ನಿಮಗೇನಾದ್ರೂ ಎದೆ ಹಿಡಿದ ಹಾಗೆ ಆಗಿತ್ತಾ?' ಎಷ್ಟೋ ಸಲ ಆಗಿರುತ್ತದೆ, ಯಾರಿಗೂ ಹೇಳಿರುವುದಿಲ್ಲ. ಆಗಿದ್ದರೆ ಮೆಸೇಜಿನ ಮಾತು ಬದಿಗಿರಲಿ, ಮೊದಲು ಡಾಕ್ಟರನ್ನು ಕಾಣಬೇಕು. ಆಗಿರದಿದ್ದರೆ ಮುಂದುವರಿಸಬಹುದು: 'ಕೆಮ್ಮೋದು ಆಪರೇಷನ್ ಥಿಯೇಟರಿನಂಥ ಕಡೆ, ಡಾಕ್ಟರು ಪಕ್ಕದಲ್ಲಿದ್ದಾಗ ಅರ್ಧ ನಿಮಿಷಕ್ಕೆ ಆಗುತ್ತಂತೆ. ಮನೇಲಿ ಅದನ್ನ ನಂಬಿಕೊಂಡು ಕೂತರೆ ಹೊತ್ತು ಹೋಗುತ್ತೆ. ಒಬ್ಬರೇ ಇದ್ದಾಗ ಏನು ಮಾಡಬೇಕು ಅಂತ ನಾವಿಬ್ಬರೂ ಸೇರಿ ಬರೆದಿಡೋಣ.'

ಬರೆದಿಡಬೇಕಾದ್ದು ಬಹಳವಿಲ್ಲ. ಎದೆಯ ನಡುವೆ ಕಲ್ಲಿಟ್ಟಂಥ ಭಾರ, ಹಿಂಡಿದಂಥ ನೋವು ಕೆಲವು ನಿಮಿಷವಾದರೂ ಬಿಡದಿದ್ದರೆ, ಇಲ್ಲವೇ ಜೊತೆಗೆ ತಣ್ಣನೆಯ ಬೆವರು, ಉಸಿರು ಕಟ್ಟುವುದು, ವಾಕರಿಕೆ ಇದ್ದರೆ ಅದನ್ನು ಹೃದಯದ್ದೆಂದೇ ತಿಳಿಯಬೇಕು. ನಮ್ಮ ಮನೆಗಳಲ್ಲಿ ಹೊತ್ತು ಕಳೆಯುವುದು ಹೆಚ್ಚಾಗಿ ಇಲ್ಲಿಯೇ. 'ಗ್ಯಾಸ್ಟ್ರಿಕ್ ಇರಬೇಕು' ಎಂದುಕೊಂಡು ಸೋಡಾ ಕುಡಿದು, ಓಮದ ನೀರು ಕುಡಿದು, ಬೆನ್ನು ನೀವಿಸಿಕೊಂಡು, ಬೆಳಗಾಗಲಿ ನೋಡೋಣ ಎಂದು ಮಲಗುತ್ತಾರೆ. ಹೃದಯದ ಕೆಳಭಾಗಕ್ಕೆ ಪೆಟ್ಟಾದಾಗ ನೋವು ನಿಜಕ್ಕೂ ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದು, ತೇಗೂ ಬರಬಹುದು. ತೇಗಿನಿಂದ ಹಾಯೆನಿಸಿದ ಮಾತ್ರಕ್ಕೆ ಗ್ಯಾಸ್ ಎಂದು ತೀರ್ಮಾನಿಸಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ, ಬಹಳ ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರುವುದೂ ಉಂಟು. ವ್ಯತ್ಯಾಸವನ್ನು ತಿಳಿಸುವುದು ಇಸಿಜಿ. ಮೊದಲ ಇಸಿಜಿ ಸರಿಯಿದ್ದೂ ನೋವು ಉಳಿದಿದ್ದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ನೋವು ಗ್ಯಾಸಿನದೋ ಹೃದಯದ್ದೋ ಎಂದು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು.

ಒಬ್ಬರೇ ಇರುವವರು ಮಾಡಬೇಕಾದ್ದರ ಕ್ರಮ ಮುಖ್ಯ. 108ಕ್ಕೆ ಫೋನ್ ಮಾಡಿ ವಿಳಾಸವನ್ನೂ ಹತ್ತಿರದ ಗುರುತನ್ನೂ ಹೇಳಬೇಕು. ಆ ಬಳಿಕ ಮುಂಬಾಗಿಲಿನ ಚಿಲಕ ತೆಗೆದಿಡಬೇಕು; ಒಳಗಿನಿಂದ ಭದ್ರವಾಗಿ ಹಾಕಿದ ಬಾಗಿಲ ಹೊರಗೆ ಆಂಬುಲೆನ್ಸಿನವರು ನಿಂತಿರುವಂತಾದರೆ ಬೇಗ ಬಂದೂ ಫಲವಿಲ್ಲ. ಆಮೇಲೆ ಪಕ್ಕದ ಮನೆಯವರಿಗೆ ಫೋನ್, ಅದಾದ ಮೇಲೆ ಮಕ್ಕಳಿಗೆ. ಈ ಕ್ರಮವನ್ನು ಮಕ್ಕಳೇ ಹೇಳಬೇಕು, ಯಾಕೆಂದರೆ ತಂದೆತಾಯಿ ಮೊದಲು ಮಗಳಿಗೇ ಫೋನ್ ಮಾಡುತ್ತಾರೆ, ಮಗಳು ಬೇರೆ ದೇಶದಲ್ಲಿ ನಿದ್ದೆಯಲ್ಲಿರುತ್ತಾಳೆ. ಮಹಡಿ ಹತ್ತಬಾರದು, ಸ್ನಾನಕ್ಕೆ ಹೋಗಬಾರದು, ತಾವೇ ಗಾಡಿ ಓಡಿಸಬಾರದು. ಬೆನ್ನಿಗೆ ಆಸರೆ ಕೊಟ್ಟುಕೊಂಡು ಕುಳಿತಿರಬೇಕು. ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿದರೆ ಹೆಪ್ಪು ಬೆಳೆಯುವುದು ತಗ್ಗುತ್ತದೆ. ಆದರೆ ಆಸ್ಪಿರಿನ್ ಒಗ್ಗದವರು, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದವರು, ರಕ್ತ ತೆಳುವಾಗಿಸುವ ಬೇರೆ ಮಾತ್ರೆ ನುಂಗುವವರು ಅದನ್ನು ಮುಟ್ಟುವ ಮೊದಲು ಕೇಳಬೇಕು. ಬಾಯಿ ಓರೆಯಾಗಿದ್ದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು, ಆಗ ಆಸ್ಪಿರಿನ್ ಕೂಡದು. ತಮಗೆ ಇದು ಆಗುತ್ತದೆಯೇ ಎಂದು ಈ ತಿಂಗಳ ಬಿಪಿ ತಪಾಸಣೆಗೆ ಹೋದಾಗಲೇ ಡಾಕ್ಟರನ್ನು ಕೇಳಿ ಚೀಟಿಯ ಮೇಲೆ ಬರೆಸಿಕೊಂಡರೆ ಆ ರಾತ್ರಿ ಯಾವ ಸಂದೇಶವನ್ನೂ ಹುಡುಕಬೇಕಾಗಿಲ್ಲ. ಸಣ್ಣ ಊರಿನಲ್ಲಿರುವವರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ತಮ್ಮ ತಾಲ್ಲೂಕು ಆಸ್ಪತ್ರೆ ಅದರಲ್ಲಿದೆಯೇ ಎಂದು ಮೊದಲೇ ವಿಚಾರಿಸಿ ಆ ಚೀಟಿಯಲ್ಲೇ ಬರೆದಿಡಬಹುದು.

ಈ ಚೀಟಿ ಸಿದ್ಧವಾದ ಮೇಲೆ ಅದನ್ನು ಗುಂಪಿಗೆ ಹಾಕಬೇಕಾದವರು ದೊಡ್ಡಪ್ಪನೇ. ಅವರ ಹೆಸರಿನಲ್ಲಿ, ಅವರ ಮಾತಿನಲ್ಲಿ, 'ಮೊನ್ನೆ ಹಾಕಿದ್ದನ್ನು ಡಾಕ್ಟರ ಹತ್ತಿರ ವಿಚಾರಿಸಿದೆ, ಹೀಗೆ ಮಾಡಬೇಕಂತೆ' ಎಂದು ಬಂದರೆ ಉಳಿದ ಹಿರಿಯರು ಓದುವ ರೀತಿಯೇ ಬೇರೆ. ಮೊದಲಿನದನ್ನು ಎಲ್ಲರಿಗೂ ಅಳಿಸುವುದು ಹಾಕಿದ ಸುಮಾರು ಎರಡು ದಿನದೊಳಗೆ ಅವರಿಂದಲೇ ಆಗುತ್ತದೆ, ಹೇಗೆಂದು ತೋರಿಸಿಕೊಟ್ಟರೆ ಸಾಕು. ಸಂದೇಶದ ಮೇಲೆ ಕಾಣುವ ಜೋಡಿ ಬಾಣದ ಗುರುತನ್ನೂ ಅದೇ ಮಾತಿನಲ್ಲಿ ಪರಿಚಯಿಸಬಹುದು. ಕನಿಷ್ಠ ಐದು ಕೈ ದಾಟಿ ಬಂದದ್ದಕ್ಕೆ ವಾಟ್ಸ್ಯಾಪ್ ಆ ಗುರುತು ಹಾಕುತ್ತದೆ. 2020ರಿಂದ ಅಂಥದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಬಿಡುತ್ತದೆ. ಗುರುತು ಇದ್ದ ಮಾತ್ರಕ್ಕೆ ಸುಳ್ಳೆಂದಲ್ಲ, ಕಳಿಸಿದವರಿಗೂ ಬರೆದವರ ಪರಿಚಯವಿಲ್ಲ ಎಂದಷ್ಟೇ ಅರ್ಥ.

ಎಲ್ಲ ಹಿರಿಯರೂ ಒಪ್ಪುವುದಿಲ್ಲ. ಡಾಕ್ಟರುಗಳೇ ಇಂದೊಂದು ನಾಳೆಯೊಂದು ಹೇಳುತ್ತಾರೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ, ವಾದಿಸಿ ಗೆಲ್ಲುವುದರಿಂದ ಯಾರಿಗೂ ಏನೂ ಸಿಗದು. ಅಂಥವರಲ್ಲಿ ಎಲ್ಲವನ್ನೂ ನಿಲ್ಲಿಸಿ ಎಂದು ಕೇಳುವುದು ಬೇಡ. ಗುಲಾಬಿ ಬರಲಿ, ಜೀರಿಗೆ ನೀರು ಬರಲಿ, ಬೆಂಡೆಕಾಯಿಯೂ ಬರಲಿ. ಆಸ್ಪತ್ರೆಗೆ ಹೋಗುವ ಮೊದಲು ಇದನ್ನು ಮಾಡಿ ಎನ್ನುವ ಸಂದೇಶವನ್ನೂ, ನುಂಗುತ್ತಿರುವ ಮಾತ್ರೆ ಬಿಡಿ ಎನ್ನುವ ಸಂದೇಶವನ್ನೂ ಮಾತ್ರ ಗುಂಪಿಗೆ ಹಾಕುವ ಮೊದಲು ನನಗೊಬ್ಬಳಿಗೆ ಕಳಿಸಿ ಎಂದು ಕೇಳಿಕೊಳ್ಳಬೇಕು. ಹಾಗೆ ಕೇಳಿದವರ ಮೇಲೆ ಒಂದು ಹೊಣೆ ಬೀಳುತ್ತದೆ: ಕಳಿಸಿದ ದಿನವೇ ಓದಿ, ಗೊತ್ತಿದ್ದವರನ್ನು ವಿಚಾರಿಸಿ, ಸಂಜೆಯೊಳಗೆ ಫೋನ್ ಮಾಡಿ ಉತ್ತರ ಹೇಳಬೇಕು. ಎರಡು ಸಲ ಉತ್ತರ ಬಾರದಿದ್ದರೆ ಮೂರನೆಯ ಸಂದೇಶ ನೇರವಾಗಿ ಗುಂಪಿಗೇ ಹೋಗುತ್ತದೆ, ಅದಕ್ಕೆ ಹಿರಿಯರನ್ನು ದೂರುವಂತಿಲ್ಲ.